‘ಹೃತ್ಪೂರ್ವಕ ಸ್ವಾಗತ’ ಯಾರಿಗೆ?

ಹೋದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ನಾನೂ ನನ್ನ ಗೆಳತಿಯೂ ಸೇರಿ ಅಕೌಂಟೆನ್ಸಿ ಪಾಠಗಳನ್ನು ಕನ್ನಡದಲ್ಲಿ ಹೇಳುವ ಒಂದು ಚಾನೆಲ್ ಶುರು ಮಾಡಿದೆವು. ಮೊದಲ ವಿಡಿಯೋದ ಪಾಠ ಹೇಳಲು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಪಾಠಕ್ಕೂ ಮುಂಚಿನ ಒಂದು ಪದ: ‘ಹೃತ್ಪೂರ್ವಕ’. ನಮ್ಮ ಮನೆಯಲ್ಲಿ ಉರ್ದು ಮಾತು. ನನ್ನ ನಾಲಗೆ ಆ ಪದದಲ್ಲಿ ಹನ್ನೊಂದು ಸಲ ಜಾರಿತು. ಹನ್ನೆರಡನೇ ಸಲ ಸರಿಯಾಗಿ ಹೇಳಿ ಮುಗಿಸುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮಿ ಕೇಳಿದರು: “ಕಿಸ್ಕು ಬೋಲ್‌ರೈ ತೂ?” ಯಾರಿಗೆ ಹೇಳುತ್ತಿದ್ದೀಯ ಇದನ್ನು?

ಅಮ್ಮಿ ಕೇಳಿದ್ದು ಸುಮ್ಮನೆ. ಆದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಚಾನೆಲ್ ಮಾಡುವ ನಮ್ಮ ಕಾಲೇಜಿನ ಬಹಳಷ್ಟು ಮಂದಿಯ ಹತ್ತಿರವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಾವೆಲ್ಲ ಬೇರೆಯವರ ವಿಡಿಯೋ ನೋಡಿ ಆರಂಭದ ಮಾತನ್ನು ಎತ್ತಿಕೊಂಡಿದ್ದೇವೆ. ಅದು ಯಾರಿಗೆ, ಯಾಕೆ ಎಂದು ಕೇಳಿಕೊಂಡಿಲ್ಲ.

ನನ್ನ ಮೊದಲ ಸಾಲು ಹೀಗಿತ್ತು: “ಎಲ್ಲರಿಗೂ ನಮಸ್ಕಾರ, ನನ್ನ ಯೂಟ್ಯೂಬ್ ಚಾನೆಲ್‌ಗೆ ನಿಮಗೆಲ್ಲರಿಗೂ ಹೃತ್ಪೂರ್ವಕ ಸ್ವಾಗತ. ಇವತ್ತಿನ ವಿಡಿಯೋದಲ್ಲಿ ನಾವು ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಬಗ್ಗೆ ತಿಳಿದುಕೊಳ್ಳೋಣ. ಅದಕ್ಕಿಂತ ಮುಂಚೆ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಪಕ್ಕದಲ್ಲಿರುವ ಬೆಲ್ ಐಕಾನ್ ಒತ್ತಿ.” ಫೋನಿನಲ್ಲಿ ಅಳೆದೆ. 19 ಸೆಕೆಂಡು. ಈ 19 ಸೆಕೆಂಡಿನಲ್ಲಿ ಕೇಳುಗರಿಗೆ ಗೊತ್ತಿಲ್ಲದ ಸಂಗತಿ ಒಂದೂ ಇಲ್ಲ. ಚಾನೆಲ್ಲಿನ ಹೆಸರು ಪರದೆಯ ಕೆಳಗೇ ಇದೆ. ಪಾಠದ ಹೆಸರನ್ನು ನೋಡಿಯೇ ಅವರು ಒತ್ತಿ ಬಂದಿದ್ದಾರೆ. ಸಬ್‌ಸ್ಕ್ರೈಬ್ ಬಟನ್ ಕಣ್ಣೆದುರಿಗೇ ಇದೆ.

ಹಾಗಾದರೆ ಎಲ್ಲರೂ ಹೆಸರಿನಿಂದಲೇ ಯಾಕೆ ಶುರು ಮಾಡುತ್ತಾರೆ? ಇದು ರೇಡಿಯೋ ಬಿಟ್ಟುಹೋದ ಅಭ್ಯಾಸ ಎಂದು ನನಗೆ ಅನ್ನಿಸುತ್ತದೆ. ರೇಡಿಯೋದ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಸ್ವಂತ ಖರ್ಚಿನಲ್ಲಿ ಬಾನುಲಿ ಪ್ರಸಾರ ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಆ ಕಾಲದ ಕೇಳುಗ ರೇಡಿಯೋದ ಗುಂಡಿ ತಿರುಗಿಸುತ್ತಾ ಹೋದಾಗ ಯಾವ ಊರಿನ ಯಾವ ನಿಲಯ ಸಿಕ್ಕಿತು ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ನಿಲಯದವರು ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕಿತ್ತು. ಅಲ್ಲಿ ಹೆಸರು ಅಲಂಕಾರವಲ್ಲ, ವಿಳಾಸ. ವಿಡಿಯೋದಲ್ಲಿ ವಿಳಾಸ ಬರೆದೇ ಇರುತ್ತದೆ.

ಪಾಡ್‌ಕಾಸ್ಟಿನ ವಿಷಯ ಸ್ವಲ್ಪ ಬೇರೆ. ಅದನ್ನು ಜನ ಬಸ್ಸಿನಲ್ಲಿ ಫೋನನ್ನು ಜೇಬಿಗೆ ಹಾಕಿಕೊಂಡು ಕೇಳುತ್ತಾರೆ, ರೊಟ್ಟಿ ತಟ್ಟುತ್ತಾ ಕೇಳುತ್ತಾರೆ. ಒಂದು ಸಂಚಿಕೆ ಮುಗಿದು ಇನ್ನೊಂದು ತಾನಾಗಿಯೇ ಶುರುವಾದರೆ ಇದು ಯಾರ ಧ್ವನಿ ಎಂದು ಗೊತ್ತಾಗಬೇಕು. ಅಲ್ಲಿ ಹೆಸರು ಬೇಕು. ಆದರೆ ಎರಡು ಪದದಲ್ಲಿ ಹೇಳಿದರೆ ಸಾಕು.

ಹೆಸರನ್ನು ತೆಗೆದರೆ ಉಳಿಯುವುದೇನು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದಾದಾ ಅವರಿಂದ. ಅವರು ಹುಡುಗರಾಗಿದ್ದಾಗ ಬುಧವಾರ ರಾತ್ರಿ 8 ಗಂಟೆಗೆ ರೇಡಿಯೋ ಸಿಲೋನ್‌ನಲ್ಲಿ ‘ಬಿನಾಕಾ ಗೀತಮಾಲಾ’ ಕೇಳುತ್ತಿದ್ದರಂತೆ. 1952ರಲ್ಲಿ ಶುರುವಾದ ಆ ಕಾರ್ಯಕ್ರಮ ನಡೆಸುತ್ತಿದ್ದವರು ಅಮೀನ್ ಸಯಾನಿ. ಅವರು 2024ರಲ್ಲಿ ತೀರಿಕೊಂಡಾಗ ದಾದಾ ಮನೆಯಲ್ಲಿ ಅವರ ದನಿಯನ್ನು ಅನುಕರಿಸಿ ತೋರಿಸಿದರು: “ಬೆಹ್ನೋ ಔರ್ ಭಾಯಿಯೋ”. ಭಾಷಣಗಳಲ್ಲಿ ಸಾಮಾನ್ಯವಾಗಿ ‘ಭಾಯಿಯೋ ಔರ್ ಬೆಹ್ನೋ’ ಎನ್ನುತ್ತಾರೆ. ಸಯಾನಿ ಎರಡು ಪದಗಳ ಜಾಗ ಬದಲಿಸಿದರು, ಅಷ್ಟೇ. “ನಿನ್ನ ದಾದಿ ಒಲೆಯ ಹತ್ತಿರವಿದ್ದರೂ ಅದು ತನಗೇ ಹೇಳಿದ್ದು ಅಂದುಕೊಳ್ಳುತ್ತಿದ್ದಳು” ಎಂದರು ದಾದಾ. ಆ ಸಾಲಿನಲ್ಲಿ ಹೇಳುವವನ ಹೆಸರಿಲ್ಲ, ಕೇಳುವವರು ಯಾರು ಎಂಬುದಿದೆ.

ನಮ್ಮ ಕಾಲದ ಉದಾಹರಣೆಯೂ ಇದೆ. ಡಾಕ್ಟರ್ ಬ್ರೋ ಯಾವ ದೇಶದಲ್ಲಿ ನಿಂತಿದ್ದರೂ “ನಮಸ್ಕಾರ ದೇವ್ರು” ಎನ್ನುತ್ತಾರೆ. ‘ದೇವ್ರು’ ಎಂದು ಪರಿಚಯವಿಲ್ಲದವರನ್ನೂ ಕರೆಯುವುದು ನಮ್ಮ ಕಡೆಯ ಬೀದಿ ಮಾತು. ಹಾಗಾಗಿ ಅಷ್ಟು ದೂರದಿಂದಲೂ ಪಕ್ಕದ ಬೀದಿಯವರು ಕರೆದ ಹಾಗೆ ಕೇಳಿಸುತ್ತದೆ. ಈಗ ಅದನ್ನೇ ನಕಲು ಮಾಡುವವರು ಬಹಳ. ನಾನೂ ಒಮ್ಮೆ ಹೇಳಿ ನೋಡಿದೆ. ಆದರೆ ನಾನು ನಿಜ ಜೀವನದಲ್ಲಿ ಯಾರನ್ನೂ ‘ದೇವ್ರು’ ಎಂದು ಕರೆದವಳಲ್ಲ. ರೆಕಾರ್ಡಿಂಗ್ ಕೇಳಿದರೆ ಬೇರೆಯವರ ಬಟ್ಟೆ ಹಾಕಿಕೊಂಡ ಹಾಗಿತ್ತು.

ಆದ್ದರಿಂದ ನಾವು ಮೊದಲು ಯಾರಿಗೆ ಎಂದು ತೀರ್ಮಾನಿಸಿದೆವು. ನಮ್ಮ ತರಗತಿಯಲ್ಲಿ ಕೆಲವರು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಕೆಲವರು ಉರ್ದು ಮಾಧ್ಯಮ. ಈಗ ಒಮ್ಮೆಲೇ ಇಂಗ್ಲಿಷಿನಲ್ಲಿ ಡೆಬಿಟ್, ಕ್ರೆಡಿಟ್. ಅರ್ಥವಾಗದಿದ್ದರೂ ಅವರು ಕೈ ಎತ್ತುವುದಿಲ್ಲ. ಮೊದಲ ಮೂರು ತಿಂಗಳು ನಾನೂ ಎತ್ತಿರಲಿಲ್ಲ. ಹಾಗಾಗಿ ಕರೆಯುವ ಮಾತು ಸಿಕ್ಕಿತು: “ಕ್ಲಾಸಲ್ಲಿ ಕೈ ಎತ್ತದವರೇ”.

ಇದಾದ ಮೇಲೆ ನಿಜವಾದ ಜಗಳ ಬಂತು. ಕರೆದ ಮೇಲೆ ಏನು ಹೇಳುವುದು, ಸಲಾಮೋ ನಮಸ್ಕಾರವೋ? ಬರೀ ‘ನಮಸ್ಕಾರ’ ಎಂದಾಗ ಅಮ್ಮಿ, “ಇದರಲ್ಲಿ ನನ್ನ ಮಗಳು ಎಲ್ಲಿದ್ದಾಳೆ?” ಎಂದರು. ‘ಸಲಾಂ’ ಎಂದು ಚುಟುಕಾಗಿ ಹೇಳಿದರೆ ದಾದಾ, “ಹೇಳಿದರೆ ಪೂರ್ತಿ ಹೇಳು, ಅರ್ಧ ಸಲಾಂ ಬೇಡ” ಎಂದರು. ಅವರ ಮಾತೂ ಸರಿ. ಅದು ಉತ್ತರ ಕೇಳುವ ಮಾತು, ಎದುರಿಗಿರುವವರು ‘ವ ಅಲೈಕುಮ್ ಅಸ್ಸಲಾಂ’ ಎನ್ನಬೇಕು. ಗೆಳತಿಯದು ಕನ್ನಡದ ಮನೆ. ನೀನು ಪೂರ್ತಿ ಸಲಾಂ ಹೇಳು, ನಾನು ನಮಸ್ಕಾರ ಹೇಳುತ್ತೇನೆ ಎಂದಳು. ರೆಕಾರ್ಡ್ ಮಾಡಿ ಕೇಳಿದೆವು. ಭಾವೈಕ್ಯದ ಪೋಸ್ಟರಿನ ಹಾಗೆ ಇತ್ತು. ನಾವಿಬ್ಬರೂ ದಿನಾ ಹಾಗೆ ಮಾತಾಡುವುದೇ ಇಲ್ಲ. ಇಬ್ಬರಿಗೂ ನಗು ಬಂತು.

ಉತ್ತರ ನಮ್ಮ ಮನೆಯ ಬಾಗಿಲಲ್ಲೇ ಇತ್ತು. ಒಂದು ಸಂಜೆ ಗೆಳತಿ ರೆಕಾರ್ಡಿಂಗಿಗೆ ಬಂದಾಗ ಅಮ್ಮಿ ಕನ್ನಡದಲ್ಲಿ “ಬಾಮ್ಮ, ಕೂತ್ಕೋ” ಎಂದರು. ನಾನು ಅವಳ ಮನೆಗೆ ಹೋದರೆ ಅವಳ ತಾಯಿಯೂ ಅದನ್ನೇ ಹೇಳುತ್ತಾರೆ. ನಮ್ಮ ಖಾಲಾ ಬಂದರೆ “ಆವೋ, ಬೈಠೋ”. ಯಾವ ಮನೆಯ ಬಾಗಿಲಲ್ಲೂ ಯಾರೂ ‘ಹೃತ್ಪೂರ್ವಕ ಸ್ವಾಗತ’ ಎನ್ನುವುದಿಲ್ಲ. ಅದು ಸಭೆಯ ವೇದಿಕೆಯ ಮಾತು. ಒಬ್ಬರೇ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಬಾಗಿಲ ಮಾತು ಬೇಕು. ನಮ್ಮ ಸಾಲು ಹೀಗಾಯಿತು: “ಕ್ಲಾಸಲ್ಲಿ ಕೈ ಎತ್ತದವರೇ, ಬನ್ನಿ, ಕೂತ್ಕೊಳ್ಳಿ.” ಮೂರು ಸೆಕೆಂಡು.

ಅದನ್ನು ಎಲ್ಲಿ ಇಡುವುದು ಎಂಬುದನ್ನೂ ಯೋಚಿಸಬೇಕಾಯಿತು. ಒತ್ತಿ ಬಂದವರಿಗೆ ಮೊದಲು ಬೇಕಾದದ್ದು ತಮ್ಮ ಪ್ರಶ್ನೆ ಇಲ್ಲಿದೆ ಎಂಬ ಖಾತ್ರಿ. ಹಾಗಾಗಿ ಪ್ರಶ್ನೆಯನ್ನು ಮುಂದೆ ತಂದು ಸ್ವಾಗತವನ್ನು ಅದರ ಹಿಂದೆ ಇಟ್ಟೆವು: “ಕ್ಯಾಶ್ ಬುಕ್ಕಲ್ಲಿ 8,000. ಪಾಸ್ ಬುಕ್ಕಲ್ಲಿ 9,500. ಮೇಲಿನ 1,500 ಎಲ್ಲಿಂದ ಬಂತು? ಕ್ಲಾಸಲ್ಲಿ ಕೈ ಎತ್ತದವರೇ, ಬನ್ನಿ, ಕೂತ್ಕೊಳ್ಳಿ. ನಾವು ಚೆಕ್ ಬರೆದುಕೊಟ್ಟಿದ್ದೇವೆ, ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ.” ಮೊದಲಿನ ವಿಡಿಯೋದಲ್ಲಿ ಸಬ್‌ಸ್ಕ್ರೈಬ್ ಎನ್ನುತ್ತಿದ್ದ ಹೊತ್ತಿಗೆ ಇಲ್ಲಿ ಪಾಠವೇ ಶುರುವಾಗಿರುತ್ತದೆ. ಸಬ್‌ಸ್ಕ್ರೈಬ್ ಆಗಿ ಎಂಬ ಮಾತನ್ನು ಲೆಕ್ಕ ತಾಳೆಯಾದ ಮೇಲೆ ಹೇಳುತ್ತೇವೆ. ಏನೂ ಕೊಡುವ ಮುಂಚೆ ಕೇಳುವುದು ಸರಿಯಲ್ಲ.

ಸಾಲು ಸರಿಯಾಗಿದೆಯೇ ಎಂದು ತಿಳಿಯಲು ನಾವು ಮಾಡುವುದು ಇಷ್ಟು. ವಿಡಿಯೋ ನೋಡಿರದ ಒಬ್ಬರಿಗೆ ಮೊದಲ ಹತ್ತು ಸೆಕೆಂಡು ಕೇಳಿಸಿ ನಿಲ್ಲಿಸುತ್ತೇವೆ. “ಇದು ಯಾರಿಗೆ? ಯಾವುದರ ಬಗ್ಗೆ?” ಎಂದು ಕೇಳುತ್ತೇವೆ. ಎರಡರಲ್ಲಿ ಒಂದಕ್ಕೆ ಉತ್ತರ ಬರದಿದ್ದರೂ ಮತ್ತೆ ಬರೆಯುತ್ತೇವೆ. ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ 30ನೇ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದಾರೆ ಎಂದು ನೋಡುತ್ತೇವೆ. ಆರಂಭದಲ್ಲಿ ಗೆರೆ ಸ್ವಲ್ಪ ಇಳಿಯುವುದು ಸಹಜ. ಕಡಿದಾಗಿ ಬೀಳುವ ಜಾಗದಲ್ಲಿ ಯಾವ ಮಾತು ಇತ್ತು ಎಂಬುದೇ ಮುಖ್ಯ. ನಮ್ಮ ಮೊದಲ ವಿಡಿಯೋದಲ್ಲಿ ಅದು ಬೆಲ್ ಐಕಾನಿನ ಹತ್ತಿರ ಬಿದ್ದಿತ್ತು. ಆದರೆ ವಾಣಿಜ್ಯದ ವಿದ್ಯಾರ್ಥಿಗಳಾದ ನಾವು ಒಂದು ಲೆಕ್ಕ ಮರೆಯಬಾರದು. ನೋಡಿದವರು 50 ಜನವಾದರೆ ಒಬ್ಬರು ಎದ್ದುಹೋದರೂ ಶೇ. 2 ಕಡಿಮೆಯಾಗುತ್ತದೆ. ಒಂದೇ ವಿಡಿಯೋ ನಂಬಿ ಸಾಲು ಬದಲಿಸಬಾರದು, ನಾಲ್ಕೈದನ್ನು ಜೊತೆಯಿಟ್ಟು ನೋಡಬೇಕು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸಾಲು ಸಿಕ್ಕ ಖುಷಿಯಲ್ಲಿ ಅದನ್ನು ನಗುನಗುತ್ತಾ ಒಮ್ಮೆ ರೆಕಾರ್ಡ್ ಮಾಡಿ ಪ್ರತಿ ಸಂಚಿಕೆಗೂ ಅಂಟಿಸುತ್ತಿದ್ದೆವು. ಪರೀಕ್ಷೆ-1ರಲ್ಲಿ ಅಕೌಂಟೆನ್ಸಿ ಹೋದವರಿಗಾಗಿ ಒಂದು ಸಂಚಿಕೆ ಮಾಡಿದಾಗಲೂ ಅದನ್ನೇ ಅಂಟಿಸಿದೆವು. ಪರೀಕ್ಷೆ-2ಕ್ಕೆ ಕೂತಿದ್ದ ನಮ್ಮ ಅಣ್ಣ, ಅಂದರೆ ಚಿಕ್ಕಪ್ಪನ ಮಗ, ಅದನ್ನು ಕೇಳಿ, “ನೀವು ನನ್ನ ನೋಡಿ ನಗ್ತಿದೀರ ಅನ್ನಿಸ್ತು” ಎಂದ. ಪದಗಳು ಅವೇ, ದನಿ ಮಾತ್ರ ಆ ದಿನದ್ದಲ್ಲ. ಅಂದಿನಿಂದ ಪ್ರತಿ ಸಲ ಹೊಸದಾಗಿ ಹೇಳುತ್ತೇವೆ. ಆ ಸಂಚಿಕೆಯನ್ನೂ ಮತ್ತೆ ಮಾಡಿದೆವು. ಸಾಲನ್ನು ಬದಲಿಸಲಿಲ್ಲ, ಮೆಲ್ಲಗೆ ಹೇಳಿದೆವು.

ಎಲ್ಲರೂ ನಮ್ಮ ಹಾಗೇ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಉರ್ದು ಶಾಯರಿಯ ಚಾನೆಲ್ಲಾದರೆ ಪೂರ್ತಿ ಸಲಾಮೇ ಚೆಂದ. ಕ್ರಿಕೆಟ್ ಚಾನೆಲ್ಲಾದರೆ ‘ಏನ್ ಮಗಾ’ ಎಂದರೂ ಸರಿ. ಬರೆಯುವ ಮುಂಚೆ ಆ ಒಬ್ಬರ ಮುಖ ನೆನಪಿಸಿಕೊಳ್ಳಿ, ಅವರು ನಿಮ್ಮ ಮನೆಗೆ ಬಂದರೆ ಬಾಗಿಲಲ್ಲಿ ಏನು ಹೇಳುತ್ತೀರೋ ಅದನ್ನು ಬರೆಯಿರಿ. ‘ಹೃತ್ಪೂರ್ವಕ’ ಎಂದು ಈಗ ನಾನು ಒಂದೇ ಸಲಕ್ಕೆ ಹೇಳಬಲ್ಲೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಿರೂಪಣೆ ಕೊಟ್ಟರೆ ಅಲ್ಲಿ ಹೇಳುತ್ತೇನೆ.