ಪಿ.ಎಫ್. ಹಣ ತೆಗೆಯುವ ಮುನ್ನ

ನಿವೃತ್ತಿಯ ಉಳಿತಾಯಕ್ಕೆ ಇಪಿಎಫ್ ಮೇಲೋ ಪಿಪಿಎಫ್ ಮೇಲೋ ಎಂಬ ಚರ್ಚೆ ಸಾಮಾನ್ಯವಾಗಿ ಬಡ್ಡಿದರದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. 2024-25ನೆಯ ಸಾಲಿಗೆ ನೌಕರರ ಭವಿಷ್ಯ ನಿಧಿಯ ಬಡ್ಡಿ ಶೇ. 8.25 ಇತ್ತು, ಸಾರ್ವಜನಿಕ ಭವಿಷ್ಯ ನಿಧಿಯದು ಶೇ. 7.1. ಆದರೆ ಊರಿಂದೂರಿಗೆ ನೌಕರಿ ಬದಲಿಸುತ್ತ ಬದುಕು ಕಟ್ಟಿಕೊಳ್ಳುವ ನಮ್ಮಂಥವರು ಗಮನಿಸಬೇಕಾದ ವ್ಯತ್ಯಾಸ ಬೇರೆಯದು. ಇಪಿಎಫ್‌ಗೆ ಹಣ ಬರುವುದು ಸಂಬಳ ಇರುವವರೆಗೆ ಮಾತ್ರ. ಪಿಪಿಎಫ್‌ಗೆ ಸಂಬಳದ ಹಂಗಿಲ್ಲ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸುವ ಬದಲು ಯಾವುದಕ್ಕೆ ಯಾವಾಗ ಎಂದು ಕೇಳುವುದೇ ಸರಿಯೆಂದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಇಪ್ಪತ್ತೇಳರ ವಯಸ್ಸಿನಲ್ಲಿ ಪುಣೆಯ ಕಾರ್ಖಾನೆಯೊಂದಕ್ಕೆ ಸೇರಿದವರ ಮೂಲವೇತನ 15,000 ರೂಪಾಯಿ. ಅವರ ಸಂಬಳದಿಂದ ತಿಂಗಳಿಗೆ ಶೇ. 12ರಂತೆ 1,800 ರೂಪಾಯಿ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಹಾಕುತ್ತಾರೆ. ಆದರೆ ಅದರಲ್ಲಿ 1,250 ರೂಪಾಯಿ ಪಿಂಚಣಿ ಯೋಜನೆಗೆ ಹೋಗಿ 550 ಮಾತ್ರ ನಿಧಿಗೆ ಸೇರುತ್ತದೆ. ಹೀಗೆ ನಿಧಿಗೆ ತಿಂಗಳಿಗೆ 2,350. ಶೇ. 8.25ರ ಲೆಕ್ಕದಲ್ಲಿ ಆರು ವರ್ಷಕ್ಕೆ ಅದು ಸುಮಾರು 2 ಲಕ್ಷ 16 ಸಾವಿರವಾಗುತ್ತದೆ. ಆಗ ಅವರಿಗೆ ಚೆನ್ನೈಯಲ್ಲಿ ಹೊಸ ಕೆಲಸ ಸಿಗುತ್ತದೆ. ಮನೆಯ ಮುಂಗಡಕ್ಕೋ ಸಾಮಾನು ಸಾಗಿಸುವ ಖರ್ಚಿಗೋ ಹಳೆಯ ಪಿ.ಎಫ್. ತೆಗೆದುಬಿಡೋಣ ಎಂಬ ಯೋಚನೆ ಬರುವುದು ಇಂಥ ಹೊತ್ತಿನಲ್ಲೇ.

ತೆಗೆಯದೆ ವರ್ಗಾಯಿಸಿದ್ದರೆ ಆ ಮೊತ್ತ, ಬಡ್ಡಿದರ ಹಾಗೆಯೇ ಇದ್ದರೆ, ಚೆನ್ನೈಯ ಐದು ವರ್ಷಗಳಲ್ಲಿ ತಾನಾಗಿಯೇ 3 ಲಕ್ಷ 21 ಸಾವಿರದಷ್ಟಾಗುತ್ತಿತ್ತು. ಆದರೆ ಕಣ್ಣಿಗೆ ಬೀಳದ ನಷ್ಟ ಪಿಂಚಣಿಯದು. ಐವತ್ತೆಂಟರ ನಂತರ ಮಾಸಿಕ ಪಿಂಚಣಿ ಸಿಗಬೇಕಾದರೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಪುಣೆಯ ಆರು, ಚೆನ್ನೈಯ ಐದು ಸೇರಿದರೆ ಹನ್ನೊಂದು. 15,000ವನ್ನು ಹನ್ನೊಂದರಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,357 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಬದುಕಿರುವವರೆಗೂ ಬರುತ್ತದೆ. ಪುಣೆ ಬಿಡುವಾಗ ನಿಧಿಯೊಡನೆ ಪಿಂಚಣಿಯ ಪಾಲನ್ನೂ ತೆಗೆದುಕೊಂಡವರ ಲೆಕ್ಕದಲ್ಲಿ ಉಳಿಯುವುದು ಐದೇ ವರ್ಷ. ಅವರು ಅಲ್ಲಿಗೇ ನೌಕರಿ ನಿಲ್ಲಿಸಿದರೆ ಮಾಸಿಕ ಪಿಂಚಣಿಯ ಹಕ್ಕೇ ಇಲ್ಲ.

ವರ್ಗಾವಣೆ ಎಲ್ಲಿ ತಡೆಯುತ್ತದೆಂಬುದನ್ನೂ ತಿಳಿದಿರಬೇಕು. ಒಮ್ಮೆ ಕೊಟ್ಟ ಯುಎಎನ್ ಸಂಖ್ಯೆ ನೌಕರಿ ಬದಲಾದರೂ ಬದಲಾಗದು. ಆದರೆ ಪ್ರತಿ ನೌಕರಿಗೂ ಅದರ ಕೆಳಗೆ ಬೇರೆ ಖಾತೆ ತೆರೆಯುತ್ತದೆ. ಹಳೆಯ ಕೆಲಸ ಬಿಟ್ಟ ದಿನಾಂಕ ನಮೂದಾಗದಿದ್ದರೆ ಅರ್ಜಿ ಮುಂದೆ ಸರಿಯುವುದಿಲ್ಲ. ಇನ್ನು ಹೆಸರಿನ ತೊಡಕು ನಮಗೆ ವಿಶೇಷವಾಗಿ ಅಂಟಿದ್ದು. ಹೆಸರಿನ ಮುಂದೆ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳನ್ನಿಟ್ಟು ಬರೆಯುವುದು ನಮ್ಮ ರೂಢಿ. ಮುಂಬಯಿ, ಪುಣೆಗಳ ಕಚೇರಿಗಳಲ್ಲಿ ಅದೇ ಹೆಸರು ಬಿಡಿಸಿಕೊಂಡು, ಅಡ್ಡಹೆಸರು ತೊಟ್ಟು ದಾಖಲಾಗಿರುತ್ತದೆ. ಆಧಾರ್‌ನೊಂದಿಗೆ ಹೊಂದದ ಹೆಸರನ್ನು ನೌಕರಿಯಲ್ಲಿರುವಾಗಲೇ ತಿದ್ದಿಸುವುದು ಲೇಸು. ವರ್ಗಾವಣೆಯಾದ ಮೇಲೆ ಹಳೆಯ ಮೊತ್ತ ಹೊಸ ಪಾಸ್‌ಬುಕ್ಕಿಗೆ ಬಂದಿದೆಯೇ, ಸೇವಾ ವಿವರದಲ್ಲಿ ಎರಡೂ ನೌಕರಿಗಳು ಕಾಣುತ್ತಿವೆಯೇ ಎಂದು ನೋಡಿಕೊಳ್ಳಬೇಕು.

ಹಾಗಾದರೆ ಪಿಪಿಎಫ್ ಯಾರಿಗೆ? ನಮ್ಮ ಉದಾಹರಣೆಯವರೇ ಮೂವತ್ತೆಂಟರಲ್ಲಿ ನೌಕರಿ ಬಿಟ್ಟು ಸ್ವಂತ ಉದ್ಯೋಗ ಆರಂಭಿಸಿದರೆನ್ನಿ. ಇಪಿಎಫ್‌ಗೆ ಅವರು ಇನ್ನು ಹಣ ಹಾಕುವಂತಿಲ್ಲ. ಪಿಪಿಎಫ್ ಖಾತೆಗೆ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಹಾಕಬಹುದು. ಅದರ ಬಡ್ಡಿಗೆ ತೆರಿಗೆಯಿಲ್ಲ. ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ ಹದಿನೈದು ವರ್ಷಕ್ಕೆ ಅವಧಿ ತುಂಬುತ್ತದೆ. ಆಮೇಲೆ ಐದೈದು ವರ್ಷ ಮುಂದುವರಿಸಬಹುದು. ಹಣ ಕಟ್ಟುತ್ತಲೇ ಮುಂದುವರಿಸುವುದಾದರೆ ಅವಧಿ ತುಂಬಿದ ಒಂದು ವರ್ಷದೊಳಗೆ ಅರ್ಜಿ ಕೊಡಲೇಬೇಕು. ಕೊಡದೆ ಕಟ್ಟಿದ ಹಣಕ್ಕೆ ಬಡ್ಡಿ ಸಿಗದು.

ಸಂಬಳ ಬರುತ್ತಿರುವವರು ಹೆಚ್ಚು ಉಳಿಸಬೇಕೆಂದಿದ್ದರೆ ಮೊದಲು ಸ್ವಯಂಪ್ರೇರಿತವಾಗಿ ಪಿ.ಎಫ್. ಕಡಿತವನ್ನೇ ಹೆಚ್ಚಿಸಿಕೊಳ್ಳಲಿ ಎಂಬುದು ನಮ್ಮ ಸಲಹೆ. ತಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ಹೆಚ್ಚುವರಿಯ ಬಡ್ಡಿಗೆ ತೆರಿಗೆ ಬೀಳುತ್ತದೆ. ಆ ಗೆರೆಯೊಳಗೆ ಇಪಿಎಫ್‌ನ ಹೆಚ್ಚಿನ ಬಡ್ಡಿಯೇ ಲಾಭ. ಜೊತೆಗೆ ಪಿಪಿಎಫ್ ಖಾತೆಯೊಂದನ್ನು ಬೇಗ ತೆರೆದು, ವರ್ಷಕ್ಕೆ 500 ರೂಪಾಯಿ ಹಾಕಿಯಾದರೂ ಜೀವಂತವಾಗಿಟ್ಟಿರಲಿ. ಮಗುವಿನ ಆರೈಕೆಗೋ ಹಿರಿಯರ ಶುಶ್ರೂಷೆಗೋ ನೌಕರಿ ಬಿಡಬೇಕಾಗಿ ಬಂದಾಗ, ಹದಿನೈದು ವರ್ಷದ ಎಣಿಕೆಯನ್ನು ಅವರು ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.