ತವರಿಗೆ ಬಂದ ಮೊದಲ ಓಲೆ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ನಮ್ಮ ಮನೆಗಳಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಉಡಿ ತುಂಬುವುದು ಹಿರಿಯರಿಂದ ಬಂದ ರೂಢಿ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಸವಣೂರಿನ ಎಲೆ, ಇವಿಷ್ಟೇ ಅದರ ಸಾಮಗ್ರಿ. ಸೆರಗು ಹಿಡಿಯುವಷ್ಟೇ ಅದರ ಅಳತೆ. ಇಂದು ಉಡಿಯ ಹಿಂದೆ ಸಾಮಾನಿನ ಗಾಡಿಯೂ, ಗಾಡಿಯ ಹಿಂದೆ ಸಾಲವೂ ಹೊರಡುತ್ತಿರುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಮದುವೆಯ ಸಾಲ ತೀರುವ ಮೊದಲೇ ಮೊದಲ ವರ್ಷದ ಹಬ್ಬಗಳ ಸಾಲ ಬರುತ್ತದೆ. ಇಂಥ ಹೊತ್ತಿನಲ್ಲಿ ಈ ಸೀಮೆಯ ಮಗಳೊಬ್ಬಳು ತವರಿಗೆ ಏನೆಂದು ಬರೆದಾಳು? ನಾವು ಕಲ್ಪಿಸಿಕೊಂಡ ಆ ಪತ್ರವನ್ನು ಇಲ್ಲಿ ಕೊಡುತ್ತಿದ್ದೇವೆ.

"ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅವ್ವನವರಿಗೂ ನಿಮ್ಮ ಮಗಳು ಮಾಡುವ ಶರಣು ಶರಣಾರ್ಥಿಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿಸಿರಿ.

ಹೊರಡುವಾಗ ನಾನು ಬಹಳ ಅತ್ತೆನೆಂದು ನೀವು ಚಿಂತಿಸಬೇಡಿರಿ. ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಮನಸ್ಸು ನಿಂತಿತು. ಮನೆ ಹೊಸದು, ಜನ ಹೊಸಬರು. ಆದರೆ ಅಂಗೈಯಲ್ಲಿದ್ದ ಲಿಂಗ ನೀವು ಚಿಕ್ಕಂದಿನಲ್ಲಿ ಅಯ್ಯನವರಿಂದ ಕಟ್ಟಿಸಿದ್ದೇ. ತವರಿನಿಂದ ನನ್ನೊಡನೆ ಬಂದ ದೊಡ್ಡ ಆಸ್ತಿ ಅದು.

ಅಪ್ಪಾ, ಅಣ್ಣನಿಂದ ಒಂದು ಸಂಗತಿ ತಿಳಿಯಿತು. ಬರುವ ಪಂಚಮಿಗೆ ಅಳಿಯನಿಗೆ ಬಂಗಾರ, ಬೀಗರ ಮನೆಯವರಿಗೆಲ್ಲ ಬಟ್ಟೆ, ಬುಟ್ಟಿಗಟ್ಟಲೆ ಉಂಡಿ ಕಳುಹಿಸಲು ಕೆರೆಯ ಕೆಳಗಿನ ಒಂದು ಎಕರೆ ಗದ್ದೆಯನ್ನು ಒತ್ತೆ ಇಡುವ ವಿಚಾರದಲ್ಲಿದ್ದೀರಂತೆ. ಇಲ್ಲಿ ಯಾರೂ ಏನನ್ನೂ ಕೇಳಿಲ್ಲ. ಓಣಿಯವರ ಮುಂದೆ ಕಡಿಮೆಯಾಗಬಾರದೆಂಬುದು ನಿಮ್ಮ ಅಳುಕು. ಆ ಗದ್ದೆಯ ಅಕ್ಕಿಯಿಂದಲೇ ಅವ್ವ ನನ್ನ ಉಡಿ ತುಂಬಿದಳು. ಅದು ಒತ್ತೆಗೆ ಹೋದರೆ ಮುಂದಿನ ವರ್ಷ ನೀವು ಉಣ್ಣುವುದೇನು? ತಮ್ಮನ ಓದಿಗೆ ಕಟ್ಟುವುದೇನು?

ಅವ್ವಾ, ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದು ನೀನು ನೂರು ಸಲ ಹೇಳಿದ್ದೀ. ಆಗ ನನಗೆ ಅದು ಬಡತನದ ಮಾತೆನಿಸುತ್ತಿತ್ತು. ನೀನೇ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಈಗ ನೆನಪಾಗುತ್ತಿದೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದನು. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಆಕೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ನಿತ್ಯದ ಅಳತೆಯ ಅಕ್ಕಿಯಿಂದಲೇ ಅವರ ಮನೆಯ ದಾಸೋಹ ನಡೆಯಿತು. ಅಳತೆ ಬಲ್ಲವಳ ಮನೆಯಲ್ಲಿ ಕೊಡುವ ಕೈ ಚಿಕ್ಕದಾಗಲಿಲ್ಲ. ಆದ್ದರಿಂದ ನಿನ್ನ ಮಾತನ್ನು ಇಂದು ನಿನಗೇ ಒಪ್ಪಿಸುತ್ತಿದ್ದೇನೆ. ಪಂಚಮಿಗೆ ಅಣ್ಣನನ್ನು ಕರೆಯಲು ಕಳುಹಿಸು. ಮನೆಯ ಶೇಂಗಾದ ಉಂಡಿ ಸಾಕು. ಜೋಕಾಲಿ ಕಟ್ಟಿಸಿರು. ಇಂತಿ ನಿಮ್ಮ ಮಗಳು."

ಪತ್ರ ಇಲ್ಲಿಗೆ ಮುಗಿಯಿತು. ಬಂಧುಗಳೇ, ಈ ನಾಣ್ನುಡಿಯನ್ನು ಜಿಪುಣತನದ ಮಾತೆಂದು ತಿಳಿಯುವವರುಂಟು. ಲಕ್ಕಮ್ಮನ ಕಥೆ ಅದಕ್ಕೆ ಬೇರೆಯೇ ಅರ್ಥವನ್ನು ಕೊಡುತ್ತದೆ. ಆಕೆ ಬೇಡವೆಂದದ್ದು ಅಕ್ಕಿಯನ್ನಲ್ಲ, ಅಗತ್ಯವನ್ನು ಮೀರಿದ ಆಸೆಯನ್ನು. ನಮ್ಮ ಮನೆಗಳಲ್ಲಿ ಈ ಮೀರಿಕೆ ಬಹಳ ಸಲ ಬೀಗರ ಬೇಡಿಕೆಯಿಂದ ಬರುವುದಿಲ್ಲ, ನೆರೆಮನೆಯ ಮದುವೆಯನ್ನು ನೋಡಿ ಬರುತ್ತದೆ. ಅದನ್ನು ಗುರುತಿಸುವುದು ಸುಲಭ. ಕೊಡುವ ವಸ್ತು ಮಗಳ ಬಳಕೆಗೋ ಅಥವಾ ನೋಡುವವರ ಕಣ್ಣಿಗೋ ಎಂದು ಕೇಳಿಕೊಂಡರೆ ಸಾಕು. ಅದಕ್ಕಾಗಿ ಹೊಲವನ್ನೋ ದನವನ್ನೋ ಒತ್ತೆ ಇಡಬೇಕಾದರೆ ಹಾಸಿಗೆ ಮುಗಿದಿದೆ ಎಂದೇ ಅರ್ಥ.

ಇನ್ನು ಬೀಗರೇ ಬಾಯಿಬಿಟ್ಟು ಕೇಳಿದರೆ ಅದು ರೂಢಿಯ ಮಾತಾಗಿ ಉಳಿಯುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಅದು ಅಪರಾಧ. ಕೇಳದೆ ಪ್ರೀತಿಯಿಂದ ಕೊಡುವ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ ಅದು ಸಂಪ್ರದಾಯಕ್ಕೆ ಸೇರಿದ್ದಾಗಿದ್ದು, ಕೊಡುವವರ ಶಕ್ತಿಯನ್ನು ಮೀರಿರಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಅವ್ವ ಹೇಳಿದ ಹಾಸಿಗೆಯ ಮಾತೇ ಅಲ್ಲಿಯೂ ಇದೆ. ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮಗಳು ವಿಧಿಸುತ್ತವೆ. ವಸ್ತು ಯಾವುದು, ಅಂದಾಜು ಬೆಲೆಯೆಷ್ಟು, ಕೊಟ್ಟವರು ಯಾರು, ಅವರ ಸಂಬಂಧವೇನು ಎಂಬುದನ್ನು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ವಧುವಿಗೆ ಬಂದುದರ ಪಟ್ಟಿ ವಧುವಿನ ಬಳಿಯೇ ಇರಬೇಕು. ಮುಯ್ಯಿ ಬರೆಯಲು ಒಬ್ಬರನ್ನು ಕೂರಿಸುವ ನಾವು ಈ ಪಟ್ಟಿಗೂ ಅರ್ಧ ಗಂಟೆ ಕೊಡಬಹುದು. ಮುಂದೆ ಮಾತು ಕೆಟ್ಟ ದಿನ ಮಗಳ ವಸ್ತು ಮಗಳದೆಂದು ಹೇಳಲು ಆ ಹಾಳೆಯೇ ಆಧಾರ.

ಮಗಳಿಗೆ ಕೊಡುವುದು ಬೇಡವೆಂದು ನಾವು ಹೇಳುತ್ತಿಲ್ಲ. ಆಕೆ ಪಂಚಮಿಗೆ ಬಂದಾಗ ಕುಳಿತು ಉಣ್ಣಲು ತವರಿನ ಹೊಲ ತವರಿನಲ್ಲಿಯೇ ಇರಲಿ.

ಶರಣು.