ಎಫ್‌ಒಬಿ ಮಾಲು: ಹಡಗು ಹತ್ತೋವರೆಗೂ ಹೊಣೆ ನಿಮ್ಮದೇ

ಕಾಕತಿ: ಕಾಕತಿ, ಹೊನಗಾ ಭಾಗದ ವರ್ಕ್‌ಶಾಪ್‌ಗಳಿಂದ ವಿದೇಶಕ್ಕೆ ಎರಕದ ಬಿಡಿಭಾಗ ಕಳಿಸೋರಲ್ಲಿ ಒಂದು ಮಾತು ರೂಢಿಯಲ್ಲಿದೆ: "ನಮ್ಮದು ಎಫ್‌ಒಬಿ ರೇಟು, ಇನ್ಶೂರೆನ್ಸ್ ಪಾರ್ಟಿನೇ ಮಾಡಿಸ್ತಾರೆ." ಈ ಮಾತು ಅರ್ಧ ಮಾತ್ರ ಸರಿ.

ಎಫ್‌ಒಬಿ ಕರಾರಿನಲ್ಲಿ ಮಾಲು ಬಂದರಿನಲ್ಲಿ ಹಡಗಿನ ಮೇಲೆ ಏರಿದ ಮೇಲಷ್ಟೇ ನಷ್ಟದ ಹೊಣೆ ಖರೀದಿದಾರನಿಗೆ ದಾಟುತ್ತದೆ. ಅಲ್ಲಿವರೆಗೆ, ಅಂದರೆ ಕೊಲ್ಹಾಪುರ, ಪುಣೆ ದಾಟಿ ನ್ಹಾವಾ ಶೇವಾವರೆಗಿನ ರಸ್ತೆ ಮತ್ತು ಬಂದರಿನ ಯಾರ್ಡ್‌ನಲ್ಲಿ ಕಾಯುವ ದಿನಗಳೆಲ್ಲ ಮಾರಾಟಗಾರನ ತಲೆಗೇ.

ಒಂದು ಲೆಕ್ಕ ನೋಡೋಣ. 10 ಲಕ್ಷ ರೂಪಾಯಿ ಮಾಲು, ಲಾರಿ ಬಾಡಿಗೆ 30 ಸಾವಿರ ಅನ್ಕೊಳ್ಳಿ. ಖಂಡಾಲಾ ಘಾಟಿನಲ್ಲಿ ಲಾರಿ ಪಲ್ಟಿಯಾಯ್ತು. ಹೊಣೆ ಇನ್ನೂ ದಾಟಿಲ್ಲ, ಹಾಗಾಗಿ ಖರೀದಿದಾರನ ಪಾಲಿಸಿ ನಿಮ್ಮ ಕೈ ಹಿಡಿಯಲ್ಲ. ಲಾರಿಯ ಇನ್ಶೂರೆನ್ಸ್ ಒಳಗಿನ ಮಾಲಿಗೆ ಬರಲ್ಲ. ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿದರೆ, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಹೆಚ್ಚಿನ ಬೆಲೆ ಮೊದಲೇ ಘೋಷಿಸದಿದ್ದರೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟು, ಅಂದರೆ 3 ಲಕ್ಷವೇ ಮಿತಿ. ಉಳಿದ 7 ಲಕ್ಷ ಹೋಯ್ತು.

ಇದಕ್ಕೆ ಕಾಕತಿಯಿಂದ ಹಡಗಿನವರೆಗೆ ಪ್ರತ್ಯೇಕ ಸಾಗಣೆ ವಿಮೆ ಸಿಗುತ್ತದೆ. ರಸ್ತೆ ಸಾಗಣೆಗೆ 'ಎ', 'ಬಿ' ಎಂಬ ಬಗೆಗಳಿವೆ. 'ಬಿ'ಯಲ್ಲಿ ಬೆಂಕಿ, ಡಿಕ್ಕಿ, ಪಲ್ಟಿಯಂಥವು ಮಾತ್ರ. ಕಳ್ಳತನ 'ಎ'ಯಲ್ಲಿ ಸೇರುತ್ತದೆ. ಬಂದರಿನಲ್ಲಿ ಹಡಗಿಗಾಗಿ ಕಾಯುವ ದಿನಗಳೂ ಸೇರಿವೆಯಾ ಅಂತ ಬರವಣಿಗೆಯಲ್ಲೇ ಖಾತ್ರಿ ಮಾಡಿಕೊಳ್ಳಿ.

'ಎ' ಅಂದ ಮಾತ್ರಕ್ಕೆ ಎಲ್ಲವೂ ಸೇರಿತು ಅಂತಲ್ಲ. ನಮ್ಮ ಕಡೆಯ ಮಾಲಿಗೆ ಮುಖ್ಯ ಶತ್ರು ತುಕ್ಕು. ಮುಚ್ಚಿದ ಕಂಟೇನರ್ ಒಳಗೆ ರಾತ್ರಿ ತಂಪಿಗೆ ಬೆವರಿನಂತೆ ನೀರು ಕೂತು ಕಬ್ಬಿಣ ಕಂದಾಗುತ್ತದೆ. ಎಣ್ಣೆ ಹಚ್ಚದೆ, ಹಸಿ ಕಟ್ಟಿಗೆಯ ಪೆಟ್ಟಿಗೆಯಲ್ಲಿ ತುಂಬಿದ್ದರೆ ಕಂಪನಿ ಅದನ್ನು ಪ್ಯಾಕಿಂಗ್ ದೋಷ ಅಂತ ತಳ್ಳಿಹಾಕುತ್ತದೆ. ಕೆಲವು ಪಾಲಿಸಿಗಳಲ್ಲಿ ತುಕ್ಕನ್ನೇ ಹೆಸರಿಸಿ ಹೊರಗಿಟ್ಟಿರುತ್ತಾರೆ. ತುಕ್ಕು ತಡೆಯುವ ಚೀಲ, ತೇವ ಹೀರುವ ಪುಡಿ ಹಾಕಿ, ಲೋಡಿಂಗ್ ಸಮಯದ ಫೋಟೋ ಇಟ್ಕೊಳ್ಳೋದು ಇದಕ್ಕೇ.

ಎರಡನೇದು ವಿಳಂಬ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ, ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಮಾಲು ತಡವಾಗಿ ತಲುಪಿ ಪಾರ್ಟಿ ದಂಡ ಹಾಕಿದರೆ ವಿಮೆ ಕೊಡಲ್ಲ. ವಿಳಂಬದ ನಷ್ಟವನ್ನು ಸಾಮಾನ್ಯ ಸರಕು ವಿಮೆ ಹೊರಗಿಡುತ್ತದೆ. ಯುದ್ಧದ ಹಾನಿಗೂ ಬೇರೆ ಪ್ರೀಮಿಯಂ, ಅದೂ ಮಾಲು ಹಡಗಿನಲ್ಲಿರುವಾಗ ಮಾತ್ರ.

ಹಾನಿಯಾದರೆ ಮಾಲು ಎತ್ತುವ ಮೊದಲೇ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡಲಿ. ಲಾರಿ ರಸೀದಿ ಮೇಲೆ ಹಾನಿ ಬರೆಸದೆ ಸಹಿ ಮಾಡಿಕೊಟ್ಟರೆ ಕ್ಲೇಮ್ ಅಲ್ಲಿಗೇ ಸಡಿಲಾಗುತ್ತದೆ.